ಬಿಸಿಲುನಾಡಿನ ಮನೆಗಳಲ್ಲಿ ಶಾಖ ನಿಯಂತ್ರಣ

ಬಿಸಿಲುನಾಡಿನ ಮನೆಗಳಲ್ಲಿ ಶಾಖ ನಿಯಂತ್ರಣವೆಂದರೆ ಹೊರಗಿನ ಬಿಸಿಲು ಮತ್ತು ಬಿಸಿಗಾಳಿಯ ಶಾಖವು ತಾರಸಿ ಹಾಗೂ ಗೋಡೆಗಳ ಮೂಲಕ ಒಳಗೆ ಇಳಿಯುವುದನ್ನು ಯಂತ್ರಗಳ ನೆರವಿಲ್ಲದೆ, ಕಟ್ಟಡದ ಸಾಮಗ್ರಿ ಮತ್ತು ರಚನೆಯಿಂದಲೇ ತಗ್ಗಿಸುವ ಕ್ರಮ. ಇದಕ್ಕೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಉಪಾಯಗಳು ಮೂರು: ತಾರಸಿಗೆ ಬಿಸಿಲನ್ನು ಹಿಂದಿರುಗಿಸುವ ಬಿಳಿ ಲೇಪನ, ಗೋಡೆಗೆ ಎಎಸಿ ಬ್ಲಾಕ್ ಎಂದು ಕರೆಯಲಾಗುವ ಗಾಳಿಗುಳ್ಳೆಯ ಕಾಂಕ್ರೀಟ್ ಇಟ್ಟಿಗೆ, ಮತ್ತು ನಡುವೆ ಗಾಳಿಯ ಪದರ ಬಿಟ್ಟು ಕಟ್ಟುವ ಟೊಳ್ಳುಗೋಡೆ. ಮೂರೂ ಒಂದೇ ಕೆಲಸವನ್ನು ಮಾಡುವುದಿಲ್ಲ. ಲೇಪನವು ಬಿಸಿಲು ಶಾಖವಾಗಿ ಮಾರ್ಪಡುವುದನ್ನೇ ತಡೆಯುತ್ತದೆ; ಉಳಿದೆರಡು ಈಗಾಗಲೇ ಹುಟ್ಟಿದ ಶಾಖದ ನಡಿಗೆಯನ್ನು ನಿಧಾನಗೊಳಿಸುತ್ತವೆ. ಯಾವುದನ್ನು ಮೊದಲು ಮಾಡಬೇಕೆಂಬ ಪ್ರಶ್ನೆಗೆ ಉತ್ತರವು ಈ ವ್ಯತ್ಯಾಸದಲ್ಲಿಯೂ ಸೂರ್ಯನ ದಾರಿಯಲ್ಲಿಯೂ ಇದೆ.

ಈ ಲೇಖನದಲ್ಲಿ ಕಲಬುರಗಿಯ ಹವೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಅಲ್ಲಿ ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಗಾಳಿ ಒಣದಾಗಿದ್ದು, ಆಕಾಶ ಬಹುತೇಕ ನಿರ್ಮಲವಾಗಿರುತ್ತದೆ.

ಶಾಖ ಬರುವ ದಾರಿ

ಕಲಬುರಗಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲರ್ಧದಲ್ಲಿ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಅನಂತರ ತುಸು ಉತ್ತರಕ್ಕೆ ಸರಿಯುತ್ತಾನೆ. ಆದ್ದರಿಂದ ಕಡುಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ನೇರ ಬಿಸಿಲು ಹೆಚ್ಚುಕಡಿಮೆ ತಾಗುವುದೇ ಇಲ್ಲ. ಪೂರ್ವದ ಗೋಡೆಗೆ ಬೆಳಗ್ಗೆ, ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಮೇಲೆ ಕೆಲವು ಗಂಟೆ ಬಿಸಿಲು ಬೀಳುತ್ತದೆ. ತಾರಸಿಯಾದರೋ ಬೆಳಗಿನಿಂದ ಸಂಜೆಯವರೆಗೂ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ.

ಬಿಸಿಲು ಬಿದ್ದ ಮೇಲ್ಮೈಯ ಮಟ್ಟಿಗೆ ಹೊರಗಿನ ಉಷ್ಣತೆಯೆಂದರೆ ಗಾಳಿಯ ಉಷ್ಣತೆ ಮಾತ್ರವಲ್ಲ. ಅದು ಹೀರಿದ ಬಿಸಿಲನ್ನೂ ಲೆಕ್ಕಕ್ಕೆ ಸೇರಿಸಿ ಪಡೆಯುವ ಕಲ್ಪಿತ ಉಷ್ಣತೆಗೆ ಸೌರ-ವಾಯು ಉಷ್ಣತೆ ಎಂದು ಹೆಸರು. ಗಾಳಿ 41 ಡಿಗ್ರಿ ಇರುವ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಮಾಸಿದ ಸಿಮೆಂಟ್ ಬಣ್ಣದ ತಾರಸಿಗೆ ಇದು ಸುಮಾರು 60 ಡಿಗ್ರಿ ಆಗುತ್ತದೆ. ಬಿಳಿಯ ಲೇಪನವಿರುವ ತಾರಸಿಗೆ ಅದೇ ಹೊತ್ತಿನಲ್ಲಿ ಸುಮಾರು 47 ಡಿಗ್ರಿ.

ಹೊರಗೂ ಒಳಗೂ ಇರುವ ಈ ಉಷ್ಣತೆಯ ಅಂತರ ಎಷ್ಟು ವೇಗವಾಗಿ ಶಾಖವನ್ನು ಒಳಕ್ಕೆ ತಳ್ಳುತ್ತದೆ ಎಂಬುದನ್ನು ಯು-ಮೌಲ್ಯ ತಿಳಿಸುತ್ತದೆ. ಒಂದು ಚದರ ಮೀಟರ್ ಗೋಡೆ ಅಥವಾ ಚಾವಣಿಯ ಎರಡೂ ಬದಿಗಳಲ್ಲಿ ಒಂದು ಡಿಗ್ರಿ ಅಂತರವಿದ್ದಾಗ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದೇ ಆ ಮೌಲ್ಯ. ಲೆಕ್ಕ ಸರಳವಾದದ್ದು:

Q = U × A × ΔT

ಇಲ್ಲಿ Q ಎಂಬುದು ಶಾಖ, A ವಿಸ್ತೀರ್ಣ, ΔT ಉಷ್ಣತೆಯ ಅಂತರ. ಎರಡೂ ಕಡೆ ಗಿಲಾವು ಮಾಡಿದ 230 ಮಿಲಿಮೀಟರ್ ಇಟ್ಟಿಗೆ ಗೋಡೆಯ ಯು-ಮೌಲ್ಯ ಸುಮಾರು 2.0. ಮೇಲೆ ಗಾರೆ ಹಾಕಿದ 120 ಮಿಲಿಮೀಟರ್ ಆರ್‌ಸಿಸಿ ಚಾವಣಿಯದು ಸುಮಾರು 2.8. ಗಟ್ಟಿಯಾಗಿ, ದಪ್ಪನಾಗಿ ಕಾಣುವ ಕಾಂಕ್ರೀಟ್ ಚಾವಣಿ ಶಾಖದ ದೃಷ್ಟಿಯಿಂದ ಇಟ್ಟಿಗೆಯ ಗೋಡೆಗಿಂತ ದುರ್ಬಲವಾದ ತಡೆ. ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಗಳು ತಂಪಾಗಿರುತ್ತಿದ್ದುದಕ್ಕೆ ಮುಖ್ಯ ಕಾರಣ ಗೋಡೆಯಷ್ಟೇ ಅಲ್ಲ. ತೊಲೆ ಜಂತೆಗಳ ಮೇಲೆ ಹಾಸುತ್ತಿದ್ದ ದಪ್ಪನೆಯ ಮಣ್ಣಿನ ಪದರ. ಆ ಮಣ್ಣು ಹೋಗಿ ಕಾಂಕ್ರೀಟ್ ಬಂದಾಗ ಮಾಳಿಗೆ ಸೋರುವುದು ತಪ್ಪಿತು, ಸೆಕೆ ಹೆಚ್ಚಿತು.

ಸಂಜೆಯಾದರೂ ಮನೆ ತಣಿಯದಿರುವುದಕ್ಕೂ ಚಾವಣಿಯೇ ಕಾರಣ. 60 ಚದರ ಮೀಟರ್ ವಿಸ್ತೀರ್ಣದ, 120 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಸುಮಾರು 17 ಟನ್ ತೂಗುತ್ತದೆ. ಹಗಲೆಲ್ಲ ಕಾದ ಇಷ್ಟು ರಾಶಿ ಸೂರ್ಯಾಸ್ತವಾದೊಡನೆ ಆರುವುದಿಲ್ಲ. ಮೇಲಕ್ಕೂ ಕೆಳಕ್ಕೂ ಶಾಖವನ್ನು ಬಿಡುತ್ತಾ ಹೋಗುತ್ತದೆ. ರಾತ್ರಿ ಒಂಬತ್ತರಲ್ಲಿ ಫ್ಯಾನು ಹಾಕಿದರೆ ಬಿಸಿಗಾಳಿಯೇ ಮೈಮೇಲೆ ಬೀಳುವುದು ಚಾವಣಿಯ ಅಡಿಯಲ್ಲಿ ಕಾದು ನಿಂತ ಗಾಳಿಯಿಂದ.

ಒಂದು ಮನೆಯ ಲೆಕ್ಕ

10 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಒಂದೇ ಅಂತಸ್ತಿನ ಮನೆಯನ್ನು ಊಹಿಸಿಕೊಳ್ಳೋಣ. ಕಿರಿದಾದ ಬದಿ ಪಶ್ಚಿಮಕ್ಕಿದೆ. ಕಿಟಕಿ ಬಾಗಿಲುಗಳನ್ನು ಕಳೆದರೆ ಗೋಡೆಯ ವಿಸ್ತೀರ್ಣ 80 ಚದರ ಮೀಟರ್. ಅದರಲ್ಲಿ ಪಶ್ಚಿಮದ್ದು 16. ಒಳಗಿನ ಉಷ್ಣತೆ 34 ಡಿಗ್ರಿ ಎಂದಿರಲಿ. ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಪಶ್ಚಿಮದ ಗೋಡೆಗೆ ಸೌರ-ವಾಯು ಉಷ್ಣತೆ ಸುಮಾರು 58 ಡಿಗ್ರಿ, ನೇರ ಬಿಸಿಲಿಲ್ಲದ ಉಳಿದ ಗೋಡೆಗಳಿಗೆ ಸುಮಾರು 46 ಡಿಗ್ರಿ.

ಲೇಪನವಿಲ್ಲದ ತಾರಸಿಯಿಂದ ಇಳಿಯುವ ಶಾಖ 2.8 × 60 × 26, ಅಂದರೆ ಸುಮಾರು 4,400 ವ್ಯಾಟ್. ಇಟ್ಟಿಗೆಯ ಗೋಡೆಗಳೆಲ್ಲ ಸೇರಿ ಸುಮಾರು 2,300 ವ್ಯಾಟ್. ಒಟ್ಟು 6,700 ವ್ಯಾಟ್. ಒಂದೊಂದು ಚದರ ಮೀಟರಿಗೆ ನೋಡಿದರೆ ತಾರಸಿಯಿಂದ 73, ಪಶ್ಚಿಮದ ಗೋಡೆಯಿಂದ 48, ಉಳಿದ ಗೋಡೆಗಳಿಂದ 24 ವ್ಯಾಟ್ ಬರುತ್ತದೆ.

ತಾರಸಿಗೆ ಬಿಳಿ ಲೇಪನ ಮಾತ್ರ ಮಾಡಿದರೆ 4,400 ಇದ್ದದ್ದು ಸುಮಾರು 2,200ಕ್ಕೆ ಇಳಿಯುತ್ತದೆ. ತಾರಸಿಯನ್ನು ಹಾಗೆಯೇ ಬಿಟ್ಟು ಗೋಡೆಗಳನ್ನೆಲ್ಲ ಎಎಸಿ ಬ್ಲಾಕಿನಲ್ಲಿ ಕಟ್ಟಿದರೆ ಗೋಡೆಯ 2,300 ಇದ್ದದ್ದು ಸುಮಾರು 980 ಆಗುತ್ತದೆ; ಟೊಳ್ಳುಗೋಡೆ ಕಟ್ಟಿದರೆ ಸುಮಾರು 1,730. ಅಂದರೆ ಡಬ್ಬದ ಬಣ್ಣವೊಂದು 2,200 ವ್ಯಾಟ್ ಉಳಿಸಿದರೆ, ಎಎಸಿ ಗೋಡೆಗಳು 1,300 ವ್ಯಾಟ್, ಟೊಳ್ಳುಗೋಡೆಗಳು 570 ವ್ಯಾಟ್ ಉಳಿಸುತ್ತವೆ. ಲೇಪನ ಮತ್ತು ಎಎಸಿ ಎರಡನ್ನೂ ಮಾಡಿದಾಗ ಒಟ್ಟು ಸುಮಾರು 3,200 ವ್ಯಾಟ್. ಮೊದಲಿನ ಅರ್ಧಕ್ಕಿಂತಲೂ ಕಡಿಮೆ.

ಇದು ಉಷ್ಣತೆ ಸ್ಥಿರವಾಗಿದೆಯೆಂದು ಭಾವಿಸಿ ಮಾಡಿದ ಲೆಕ್ಕ. ವಾಸ್ತವದಲ್ಲಿ ಕಾಂಕ್ರೀಟೂ ಇಟ್ಟಿಗೆಯೂ ಶಾಖವನ್ನು ಹಿಡಿದಿಟ್ಟುಕೊಂಡು ಕೆಲವು ಗಂಟೆ ತಡವಾಗಿ, ತುಸು ಕಡಿಮೆ ತೀವ್ರತೆಯಲ್ಲಿ ಒಳಗೆ ಬಿಡುತ್ತವೆ. ಆದ್ದರಿಂದ ಈ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ಬಳಸಬೇಕೇ ಹೊರತು ಆ ಗಳಿಗೆಯ ನಿಜವಾದ ಅಳತೆಯೆಂದು ಭಾವಿಸಬಾರದು. ಎರಡು ಅಂತಸ್ತಿನ ಮನೆಯ ಕೆಳಗಿನ ಭಾಗಕ್ಕೆ ತಾರಸಿಯ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಗೋಡೆಯೇ ಮುಖ್ಯವಾಗುತ್ತದೆ.

ಲೆಕ್ಕದಿಂದ ಹೊರಗಿಟ್ಟ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಪಶ್ಚಿಮಕ್ಕೆ ನೆರಳಿಲ್ಲದ ಒಂದು ಚದರ ಮೀಟರ್ ಗಾಜಿನ ಕಿಟಕಿಯಿದ್ದರೆ ಅದೊಂದರಿಂದಲೇ ಆ ಹೊತ್ತಿನಲ್ಲಿ 500 ವ್ಯಾಟಿನಷ್ಟು ಬಿಸಿಲು ಒಳಗೆ ಬರಬಹುದು. ಪಶ್ಚಿಮದ ಇಡೀ ಗೋಡೆಯನ್ನು ಎಎಸಿಯಲ್ಲಿ ಕಟ್ಟಿ ಉಳಿಸಿದ್ದು ಸುಮಾರು 440 ವ್ಯಾಟ್ ಮಾತ್ರ. ಸಜ್ಜಾ, ತಡಿಕೆ, ಹೊರಗಡೆಯ ಚಾಪೆ ಇವುಗಳನ್ನು ಮರೆತು ಗೋಡೆಗೆ ಹಣ ಸುರಿಯುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ.

ತಾರಸಿಯ ಬಿಳಿ ಲೇಪನ

ಒಳ್ಳೆಯ ಲೇಪನಕ್ಕೆ ಎರಡು ಗುಣಗಳು ಬೇಕು. ಮೊದಲನೆಯದು ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಿರುಗಿಸುವ ಪ್ರತಿಫಲನ ಗುಣ. ಎರಡನೆಯದು ಹೀರಿಕೊಂಡ ಅಲ್ಪಸ್ವಲ್ಪ ಶಾಖವನ್ನು ಅವಗೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುವ ಉತ್ಸರ್ಜನ ಗುಣ. ಬಿಳಿ ಬಣ್ಣದಲ್ಲಿ ಎರಡೂ ಇವೆ. ಹೊಳೆಯುವ ಲೋಹದ ತಗಡಿನಲ್ಲಿ ಮೊದಲನೆಯದಿದ್ದು ಎರಡನೆಯದಿಲ್ಲ. ಆದುದರಿಂದಲೇ ಕನ್ನಡಿಯಂತೆ ಹೊಳೆಯುವ ತಗಡೂ ಬಿಸಿಲಿನಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ.

ಹೊಸದಾಗಿ ಬಳಿದ ಉತ್ತಮ ಲೇಪನ ಬಿಸಿಲಿನ ಸುಮಾರು ಶೇಕಡಾ 80ರಷ್ಟನ್ನು ಹಿಂದಿರುಗಿಸುತ್ತದೆ. ಧೂಳು ಕುಳಿತಂತೆ ಇದು ಇಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಹೊಸ ಬಣ್ಣದ ಅಂಕಿಯನ್ನು ಬಿಟ್ಟು ಶೇಕಡಾ 70ನ್ನು ಹಿಡಿದಿರುವುದು ಇದೇ ಕಾರಣಕ್ಕೆ. ಬೇಸಿಗೆ ಆರಂಭವಾಗುವ ಮುನ್ನ ಒಮ್ಮೆ ನೀರು ಹಾಕಿ ಉಜ್ಜಿ ತೊಳೆದರೆ ಕಳೆದುಹೋದ ಗುಣದ ಬಹುಪಾಲು ಮರಳುತ್ತದೆ.

ಬಳಿಯುವ ಕ್ರಮದಲ್ಲಿ ಹೆಚ್ಚಿನ ಶ್ರಮ ಬಣ್ಣಕ್ಕಿಂತ ಮುಂಚಿನದು. ಪಾಚಿ, ಸಡಿಲವಾದ ಗಾರೆ, ಹಳೆಯ ಸುಣ್ಣದ ಹಕ್ಕಳೆಗಳನ್ನು ತಂತಿಯ ಬ್ರಷ್ಷಿನಿಂದ ಕೆರೆದು ತೊಳೆಯಬೇಕು. ಬಿರುಕುಗಳನ್ನು ತುಂಬಬೇಕು. ಮಳೆನೀರು ನಿಲ್ಲುವ ತಗ್ಗುಗಳಿದ್ದರೆ ಇಳಿಜಾರನ್ನು ಸರಿಪಡಿಸಬೇಕು. ನೀರು ನಿಂತಲ್ಲಿ ಯಾವ ಲೇಪನವೂ ಬಾಳುವುದಿಲ್ಲ. ತಾರಸಿ ಪೂರ್ತಿ ಒಣಗಿದ ಬಳಿಕ ಪ್ರೈಮರ್ ಬಳಿದು, ಅದರ ಮೇಲೆ ಎರಡು ಕೋಟ್‌ಗಳನ್ನು ಒಂದಕ್ಕೊಂದು ಅಡ್ಡಲಾಗಿ ಹಚ್ಚಬೇಕು. ಕಾದ ತಾರಸಿಯ ಮೇಲೆ ಹಚ್ಚಿದ ಬಣ್ಣ ಹಿಡಿಯುವ ಮೊದಲೇ ಒಣಗಿ ಚಕ್ಕೆಯೇಳುತ್ತದೆ. ಬೆಳಗಿನ ಅಥವಾ ಸಂಜೆಯ ಹೊತ್ತು ಸೂಕ್ತ. ಕೆಳಗಿನಿಂದ ತೇವ ಏರುತ್ತಿದ್ದರೆ ಲೇಪನದಲ್ಲಿ ಬೊಕ್ಕೆಗಳು ಕಾಣಿಸಿಕೊಳ್ಳುತ್ತವೆ. ಆಗ ಮತ್ತೆ ಬಳಿಯುವುದು ವ್ಯರ್ಥ. ಮೊದಲು ಸೋರಿಕೆಯ ಮೂಲವನ್ನು ಹುಡುಕಬೇಕು.

ಬಡವರ ಮನೆಗೆ ಸುಣ್ಣವೇ ಸಾಕು. ಸೋಸಿದ ಸುಣ್ಣದ ತಿಳಿಗೆ ಅಂಟು ಬೆರೆಸಿ ಮೂರು ಬಾರಿ ಬಳಿದರೆ ಆ ಬೇಸಿಗೆಯ ಮಟ್ಟಿಗೆ ಅದು ದುಬಾರಿ ಬಣ್ಣಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆ. ಮಳೆಗಾಲ ಕಳೆದ ಮೇಲೆ ಮತ್ತೆ ಬಳಿಯಬೇಕಾಗುತ್ತದೆ, ಅಷ್ಟೆ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸಲು ನಿತ್ಯ ಓಡಾಡುವ ತಾರಸಿಯಲ್ಲಿ ಬಣ್ಣವೂ ಸುಣ್ಣವೂ ಬೇಗ ಸವೆಯುತ್ತವೆ. ಅಂತಹ ಕಡೆ ಬಿಳಿಯ ಪಿಂಗಾಣಿ ಚೂರುಗಳನ್ನು ಗಾರೆಯಲ್ಲಿ ಕೂರಿಸುವ ಪದ್ಧತಿ ಹೆಚ್ಚು ಬಾಳಿಕೆಯದು.

ಲೇಪನದ ಫಲವನ್ನು ತಿಳಿಯಲು ಸುಲಭವಾದ ದಾರಿಯೊಂದಿದೆ. ಒಂದೇ ಅಳತೆಯ ಎರಡು ಕೋಣೆಗಳಿದ್ದರೆ ಒಂದರ ಮೇಲಷ್ಟೇ ಬಳಿದು, ನಾಲ್ಕಾರು ದಿನ ಸಂಜೆ ಐದಕ್ಕೂ ರಾತ್ರಿ ಒಂಬತ್ತಕ್ಕೂ ಎರಡೂ ಚಾವಣಿಗಳ ಒಳಮೈಯ ಉಷ್ಣತೆಯನ್ನು ಅಳೆದು ನೋಡಬಹುದು. ಅವಗೆಂಪು ಉಷ್ಣಮಾಪಕ ಇದಕ್ಕೆ ಅನುಕೂಲ. ಆದರೆ ಹೊಳೆಯುವ ತಗಡಿನ ಮೇಲೆ ಅದು ತಪ್ಪು ಓದು ಕೊಡುತ್ತದೆ. ಲೇಪನ ಮಾಡಿದ ಮೇಲಂತಸ್ತಿನ ಕೋಣೆಯ ಗಾಳಿ ಸಾಮಾನ್ಯವಾಗಿ ಎರಡರಿಂದ ಐದು ಡಿಗ್ರಿ ಕಡಿಮೆ ಇರುತ್ತದೆ. ಹತ್ತು ಹನ್ನೆರಡು ಡಿಗ್ರಿ ಇಳಿಯುವುದೆಂಬ ಜಾಹೀರಾತಿನ ಮಾತು ತಾರಸಿಯ ಹೊರಮೈಗೆ ಸಲ್ಲಬಹುದೇ ವಿನಾ ಕೋಣೆಯ ಗಾಳಿಗೆ ಸಲ್ಲದು.

ಲೇಪನ ಬಿಸಿಲನ್ನು ತಡೆಯುತ್ತದೆ, ಬಿಸಿಗಾಳಿಯನ್ನಲ್ಲ. ಕೇಂದ್ರ ಸರಕಾರ 2018ರಲ್ಲಿ ಹೊರತಂದ ವಸತಿ ಕಟ್ಟಡಗಳ ಇಂಧನ ಸಂಹಿತೆಯಾದ ಇಕೋ ನಿವಾಸ್ ಸಂಹಿತಾ, ಚಾವಣಿಯ ಯು-ಮೌಲ್ಯ 1.2ನ್ನು ಮೀರಬಾರದೆಂದು ಹೇಳುತ್ತದೆ. ಬಣ್ಣದಿಂದ ಯು-ಮೌಲ್ಯ ಬದಲಾಗುವುದಿಲ್ಲ. ಅದಕ್ಕೆ ಚಾವಣಿಯ ಮೇಲೆ ನಿರೋಧಕ ಪದರವೇ ಬೇಕು. 100 ಮಿಲಿಮೀಟರ್ ಎಎಸಿ ಬ್ಲಾಕುಗಳನ್ನು ಹಾಸಿ ಮೇಲೆ ಜಲನಿರೋಧಕ ಗಾರೆ ಹಾಕಿದರೆ ಮೌಲ್ಯ 1.1ರ ಆಸುಪಾಸಿಗೆ ಬರುತ್ತದೆ. ಹಾಗೆ ಮಾಡಿ ಅದರ ಮೇಲೆ ಬಿಳಿ ಬಳಿದರೆ ನಮ್ಮ ಉದಾಹರಣೆಯ ಮನೆಯಲ್ಲಿ ತಾರಸಿಯಿಂದ ಇಳಿಯುವ ಶಾಖ 900 ವ್ಯಾಟಿಗಿಂತ ಕೆಳಗಿಳಿಯುತ್ತದೆ. ಈ ಪದರ ಚಾವಣಿಯ ಮೇಲೆಯೇ ಇರುವುದು ಲೇಸು. ಕೆಳಗಡೆ ಫಾಲ್ಸ್ ಸೀಲಿಂಗ್ ಹಾಕಿದರೆ ಕೋಣೆಗೆ ಅನುಕೂಲವಾದರೂ ಕಾಂಕ್ರೀಟು ಮಾತ್ರ ಮೊದಲಿನಂತೆಯೇ ದಿನವೂ ಕಾದು ಹಿಗ್ಗಿ, ರಾತ್ರಿ ಕುಗ್ಗಿ ಬಿರುಕು ಬಿಡುತ್ತಿರುತ್ತದೆ.

ಎಎಸಿ ಬ್ಲಾಕ್

ಸ್ವೀಡನ್ನಿನ ವಾಸ್ತುಶಿಲ್ಪಿ ಯೋಹಾನ್ ಆಕ್ಸೆಲ್ ಎರಿಕ್ಸನ್ 1920ರ ದಶಕದಲ್ಲಿ ಈ ಸಾಮಗ್ರಿಯನ್ನು ರೂಪಿಸಿದನು. ಮರಳು ಅಥವಾ ಹಾರುಬೂದಿ, ಸುಣ್ಣ, ಸಿಮೆಂಟ್, ಜಿಪ್ಸಮ್ ಇವುಗಳ ನೀರು ಮಿಶ್ರಣಕ್ಕೆ ಅತ್ಯಲ್ಪ ಅಲ್ಯೂಮಿನಿಯಂ ಪುಡಿ ಸೇರಿಸುತ್ತಾರೆ. ಅಲ್ಯೂಮಿನಿಯಂ ಸುಣ್ಣದೊಡನೆ ವರ್ತಿಸಿ ಜಲಜನಕವನ್ನು ಬಿಡುತ್ತದೆ. ಇಡ್ಲಿಯ ಹಿಟ್ಟು ಉಬ್ಬುವಂತೆ ಮಿಶ್ರಣ ಉಬ್ಬುತ್ತದೆ. ಅರೆಗಟ್ಟಿಯಾದಾಗ ತಂತಿಯಿಂದ ಕತ್ತರಿಸಿ, ಆಟೋಕ್ಲೇವ್ ಎಂಬ ಉಗಿಪಾತ್ರೆಯಲ್ಲಿ ಸುಮಾರು 180ರಿಂದ 190 ಡಿಗ್ರಿಯ ಒತ್ತಡದ ಉಗಿಯಲ್ಲಿ ಹಲವು ಗಂಟೆ ಬೇಯಿಸುತ್ತಾರೆ. ಜಲಜನಕ ಹೊರಟುಹೋಗಿ ಗುಳ್ಳೆಗಳಲ್ಲಿ ಗಾಳಿ ಉಳಿಯುತ್ತದೆ. ನಿಂತ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸದು. ಬ್ಲಾಕಿನ ಗುಣವೆಲ್ಲ ಇದರಲ್ಲಿದೆ.

ಇಟ್ಟಿಗೆಯ ಉಷ್ಣವಾಹಕತೆ ಸುಮಾರು 0.8 ಆದರೆ ಒಣಗಿದ ಎಎಸಿಯದು ಸುಮಾರು 0.18. ಈ ಲೆಕ್ಕದಂತೆ 200 ಮಿಲಿಮೀಟರ್ ಗೋಡೆಯ ಯು-ಮೌಲ್ಯ 0.75 ಬರಬೇಕು. ಬ್ಲಾಕುಗಳ ನಡುವಿನ ಗಾರೆಯೂ ಸ್ವಲ್ಪ ತೇವವೂ ಸೇರಿ ಅದು 0.85ರಷ್ಟಾಗುತ್ತದೆಂದು ಮೇಲೆ ಹಿಡಿಯಲಾಗಿದೆ. ದಪ್ಪ ಗಾರೆಯ ಸಾಲುಗಳು ಶಾಖ ನುಗ್ಗುವ ಓಣಿಗಳಿದ್ದಂತೆ. ಆದಕಾರಣ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಹಚ್ಚುವ ಅಂಟುಗಾರೆ ಉತ್ತಮ.

ಬ್ಲಾಕು ಕೊಳ್ಳುವಾಗ ತೂಗಿ ನೋಡುವುದು ಒಳ್ಳೆಯದು. 600 × 200 × 200 ಮಿಲಿಮೀಟರ್ ಅಳತೆಯ ಬ್ಲಾಕು ಒಣಗಿದ್ದಾಗ ಸುಮಾರು 14ರಿಂದ 15 ಕಿಲೋ ಇರುತ್ತದೆ. 20 ಕಿಲೋ ದಾಟಿದರೆ ಅದು ತೀರಾ ಒದ್ದೆಯಾಗಿದೆ ಅಥವಾ ಹಗುರವಾದ ಬ್ಲಾಕೇ ಅಲ್ಲ. ನೀರಿನಲ್ಲಿ ತೇಲುತ್ತದೆಂದು ತೋರಿಸಿ ಮಾರುವ ಪದ್ಧತಿಯಿದೆ. ಉಗಿಯಲ್ಲಿ ಬೇಯಿಸದ ನೊರೆಕಾಂಕ್ರೀಟಿನ ಬ್ಲಾಕೂ ತೇಲುವುದರಿಂದ ಆ ಪರೀಕ್ಷೆ ಹಗುರತನಕ್ಕಷ್ಟೇ ಸಾಕ್ಷಿ.

ಈ ಗೋಡೆಯ ದೊಡ್ಡ ದೂರು ಬಿರುಕು. ಮೆಟ್ಟಿಲಿನಂತೆ ಕೀಲುಗಳ ಗುಂಟ ಏರುವ ಕೂದಲೆಳೆಯ ಬಿರುಕು ಕಂಡರೆ ಬ್ಲಾಕುಗಳು ಗೋಡೆಯಲ್ಲಿ ಒಣಗಿ ಕುಗ್ಗಿವೆ ಎಂದರ್ಥ. ಕಂಬ ಅಥವಾ ತೊಲೆಯ ಅಂಚಿನಲ್ಲಿ ನೇರವಾಗಿ ಕಂಡರೆ ಎರಡು ಬೇರೆ ಸಾಮಗ್ರಿಗಳು ಬೇರೆ ಬೇರೆಯಾಗಿ ಚಲಿಸುತ್ತಿವೆ. ಗಿಲಾವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದು ಗೋಡೆಯಿಂದ ಬಿಟ್ಟಿದೆ. ಇಟ್ಟಿಗೆಯಂತೆ ಬ್ಲಾಕನ್ನು ನೀರಿನಲ್ಲಿ ನೆನೆಹಾಕುವ ಅಭ್ಯಾಸ ಮೊದಲ ದೋಷಕ್ಕೆ ಕಾರಣ. ಮೇಲ್ಮೈಯನ್ನು ತುಸು ಒದ್ದೆ ಮಾಡಿದರೆ ಸಾಕು. ಕಿಟಕಿಯ ತಳದ ಮತ್ತು ಲಿಂಟಲ್ ಮಟ್ಟದಲ್ಲಿ ತೆಳುವಾದ ಆರ್‌ಸಿಸಿ ಪಟ್ಟಿ ಕೊಡಬೇಕು. ಕಂಬಕ್ಕೆ ಸೇರುವಲ್ಲಿ ಗಿಲಾವಿನ ಕೆಳಗೆ ಜಾಲರಿ ಹೊದಿಸಬೇಕು. ಗಟ್ಟಿಯಾಗಲೆಂದು ಗಿಲಾವಿಗೆ ಸಿಮೆಂಟು ಹೆಚ್ಚಿಸಿದರೆ ಬಿರುಕೂ ಹೆಚ್ಚುತ್ತದೆ; ಒಂದಕ್ಕೆ ಆರರ ಹದ ಸಾಕು. ಅಡಿಪಾಯದಲ್ಲಿ ಮತ್ತು ನೆಲದ ತೇವ ಏರುವ ಕಡೆ ಎಎಸಿ ಸಲ್ಲದು. ಒದ್ದೆಯಾದ ಬ್ಲಾಕು ಶಾಖವನ್ನೂ ಬೇಗ ಬಿಡುತ್ತದೆ.

ಹೊರಗಿನ ಶಾಖವನ್ನು ತಡೆಯುವ ಗೋಡೆ ಒಳಗಿನ ಶಾಖವನ್ನೂ ತಡೆಯುತ್ತದೆ. ಅಡುಗೆ, ಫ್ರಿಜ್ಜು, ಜನರ ಮೈಶಾಖ ಇವೆಲ್ಲ ಒಳಗೇ ಉಳಿಯುತ್ತವೆ. ಕಲಬುರಗಿಯಂತಹ ಕಡೆ ರಾತ್ರಿಯ ಗಾಳಿ ಹಗಲಿಗಿಂತ ಬಹಳ ತಂಪಾಗಿರುವುದರಿಂದ ರಾತ್ರಿ ಎದುರುಬದುರಿನ ಕಿಟಕಿಗಳನ್ನು ತೆರೆದು, ಬೆಳಗ್ಗೆ ಬಿಸಿಲೇರುವ ಮುನ್ನ ಮುಚ್ಚುವ ರೂಢಿಯಿದ್ದರೆ ಮಾತ್ರ ಇಂತಹ ಮನೆ ನಿಜವಾಗಿ ತಂಪಾಗಿರುತ್ತದೆ.

ಟೊಳ್ಳುಗೋಡೆ

ಟೊಳ್ಳುಗೋಡೆ ಮೊದಲು ಬಳಕೆಗೆ ಬಂದದ್ದು ಶಾಖಕ್ಕಾಗಿ ಅಲ್ಲ. ಬ್ರಿಟನ್ನಿನಲ್ಲಿ ಗಾಳಿಯೊಡನೆ ಬಡಿಯುವ ಮಳೆಯ ತೇವ ಒಳಗೋಡೆಗೆ ದಾಟದಿರಲೆಂದು ಎರಡು ತೆಳುಗೋಡೆಗಳ ನಡುವೆ ಸಂದು ಬಿಟ್ಟರು. ಬಿಸಿನಾಡಿನಲ್ಲಿ ಆ ಸಂದಿನ ಬೆಲೆಯನ್ನು ಅನೇಕರು ಅತಿಯಾಗಿ ಎಣಿಸುತ್ತಾರೆ. 50 ಮಿಲಿಮೀಟರ್ ಗಾಳಿಯ ಪದರ ಕೊಡುವ ತಡೆ ಸುಮಾರು 145 ಮಿಲಿಮೀಟರ್ ಇಟ್ಟಿಗೆಗೆ ಸಮ. ಆದರೆ ಕೇವಲ 32 ಮಿಲಿಮೀಟರ್ ಎಎಸಿಗೆ ಸಮ. ಸಂದನ್ನು ಇನ್ನಷ್ಟು ಅಗಲಿಸಿದರೂ ಹೆಚ್ಚೇನೂ ಲಾಭವಿಲ್ಲ, ಏಕೆಂದರೆ ಒಳಗಿನ ಗಾಳಿ ಸುತ್ತತೊಡಗುತ್ತದೆ. ಅಲ್ಲದೆ ಬಿಸಿಯಾದ ಹೊರಪದರದಿಂದ ಒಳಪದರಕ್ಕೆ ಬಹುಪಾಲು ಶಾಖ ಹಾರುವುದು ವಿಕಿರಣದ ಮೂಲಕ. ಗಾಳಿ ಅದನ್ನು ತಡೆಯಲಾರದು. ಸಂದಿನ ಒಂದು ಬದಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದರೆ ಅಥವಾ ಸಂದಿನಲ್ಲಿ ಥರ್ಮೋಕೋಲಿನಂತಹ ಹಲಗೆ ಇಟ್ಟರೆ ಆಗ ಗೋಡೆಯ ಗುಣ ಗಣನೀಯವಾಗಿ ಏರುತ್ತದೆ. 50 ಮಿಲಿಮೀಟರ್ ಹಲಗೆಯಿದ್ದರೆ ಯು-ಮೌಲ್ಯ ಸುಮಾರು 0.5ಕ್ಕೆ ಇಳಿದು, ಎಎಸಿ ಗೋಡೆಯನ್ನೂ ಮೀರಿಸುತ್ತದೆ.

ಎರಡು ಪದರಗಳನ್ನು ತುಕ್ಕು ಹಿಡಿಯದ ಲೋಹದ ಕೊಂಡಿಗಳಿಂದ ಬಿಗಿಯಬೇಕು. ಅಡ್ಡಕ್ಕೆ 900, ಎತ್ತರಕ್ಕೆ 450 ಮಿಲಿಮೀಟರ್ ಅಂತರ ವಾಡಿಕೆಯದು. ಕಟ್ಟುವಾಗ ಸಂದಿನೊಳಗೆ ಬೀಳುವ ಗಾರೆಯೇ ಇಲ್ಲಿನ ಮುಖ್ಯ ಶತ್ರು. ಅದು ಕೊಂಡಿಗಳ ಮೇಲೆ ಕುಳಿತು ಹೊರಗಿನ ತೇವಕ್ಕೂ ಶಾಖಕ್ಕೂ ಸೇತುವೆಯಾಗುತ್ತದೆ. ಸಂದಿನಷ್ಟೇ ಅಗಲದ ಮರದ ಪಟ್ಟಿಯೊಂದನ್ನು ಹಗ್ಗ ಕಟ್ಟಿ ಒಳಗಿಟ್ಟು, ಗೋಡೆ ಏರಿದಂತೆ ಮೇಲೆತ್ತುತ್ತಾ ಬಿದ್ದ ಗಾರೆಯನ್ನು ತೆಗೆಯುವುದು ಹಳೆಯ ಉಪಾಯ. ಮಳೆಗಾಲ ಕಳೆದ ಮೇಲೆ ಒಳಗೋಡೆಯಲ್ಲಿ ಅಲ್ಲಲ್ಲಿ ಬಿಡಿಬಿಡಿಯಾದ ದುಂಡು ಕಲೆಗಳು ಕಾಣಿಸಿಕೊಂಡರೆ ಅಲ್ಲೆಲ್ಲ ಗಾರೆ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು. ನೀರು ಇಳಿಯಲು ತಳದಲ್ಲಿ ಬಿಡುವ ಕಿಂಡಿಗಳಿಗೆ ಜಾಲರಿ ಬೇಕು. ಇಲ್ಲವಾದರೆ ಸಂದು ಇಲಿ, ಜಿರಲೆಗಳ ಬೀಡಾಗುತ್ತದೆ.

ಗಿಲಾವೂ ಸೇರಿ ಟೊಳ್ಳುಗೋಡೆಯ ದಪ್ಪ 310 ಮಿಲಿಮೀಟರ್ ದಾಟುತ್ತದೆ. ಎಎಸಿ ಗೋಡೆಯದು 230ರ ಸುತ್ತ. ಉದಾಹರಣೆಯ ಮನೆಯಲ್ಲಿ ಸುತ್ತಲೂ ಕಟ್ಟಿದರೆ ಸುಮಾರು ಎರಡೂವರೆ ಚದರ ಮೀಟರ್ ನೆಲ ಗೋಡೆಯ ಪಾಲಾಗುತ್ತದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಇದು ಸಣ್ಣ ನಷ್ಟವಲ್ಲ. ಎಎಸಿ ಸಿಗದ, ಒಳ್ಳೆಯ ಇಟ್ಟಿಗೆ ಸಿಗುವ ಊರಿನಲ್ಲಿ ಪಶ್ಚಿಮದ ಗೋಡೆಯನ್ನು ಮಾತ್ರ ಹೀಗೆ ಕಟ್ಟುವುದು ಯುಕ್ತ.

ದಪ್ಪ ಹೆಚ್ಚಿಸದೆ ಟೊಳ್ಳು ಪಡೆಯುವ ಇನ್ನೊಂದು ಕ್ರಮವನ್ನು ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಜನಪ್ರಿಯಗೊಳಿಸಿದರು. ರ‍್ಯಾಟ್ ಟ್ರ್ಯಾಪ್ ಬಾಂಡ್ ಎಂಬ ಈ ಕ್ರಮದಲ್ಲಿ ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. 230 ಮಿಲಿಮೀಟರ್ ಗೋಡೆಯೊಳಗೇ ಟೊಳ್ಳುಗಳು ಉಂಟಾಗುತ್ತವೆ, ಇಟ್ಟಿಗೆಯೂ ಸುಮಾರು ಕಾಲುಭಾಗ ಉಳಿಯುತ್ತದೆ. ಅಡ್ಡಲಾಗಿ ಇಡುವ ಇಟ್ಟಿಗೆಗಳು ಒಳಹೊರಗನ್ನು ಬೆಸೆಯುವುದರಿಂದ ಶಾಖದ ತಡೆ ಪೂರ್ಣ ಟೊಳ್ಳುಗೋಡೆಯಷ್ಟಿರದು. ಇಟ್ಟಿಗೆಗಳ ಅಂಚು ನೇರವಾಗಿರಬೇಕು, ಕಟ್ಟುವವರಿಗೆ ಕೈಪಳಗಿರಬೇಕು. ಮೊಳೆ ಹೊಡೆಯುವಾಗಲೂ ವಿದ್ಯುತ್ ಕೊಳವೆಗೆ ಗೋಡೆ ಕೊರೆಯುವಾಗಲೂ ಟೊಳ್ಳಿನ ನೆನಪಿರಬೇಕಾಗುತ್ತದೆ.

ಬೇರೆ ಹವೆಯ ಊರುಗಳಲ್ಲಿ

ಮೇಲಿನ ಮಾತುಗಳು ಒಣ ಬಿಸಿಲಿನ ಊರುಗಳಿಗೆ ಸಂಬಂಧಿಸಿದವು. ಮಂಗಳೂರಿನಂತಹ ಕರಾವಳಿಯಲ್ಲಿ ರಾತ್ರಿಯ ಗಾಳಿಯೂ ಬೆಚ್ಚಗೆ, ತೇವವಾಗಿರುತ್ತದೆ. ಅಲ್ಲಿ ಗಾಳಿಯಾಡುವಿಕೆ ಗೋಡೆಯ ತಡೆಗಿಂತ ಮುಖ್ಯ. ದೀರ್ಘ ಮಳೆಗಾಲದ ಪಾಚಿಯಿಂದ ಬಿಳಿ ಲೇಪನ ಅಲ್ಲಿ ಬೇಗ ಕಪ್ಪಾಗುತ್ತದೆ. ಮಲೆನಾಡು, ಕೊಡಗುಗಳಲ್ಲಿ ಹೆಂಚಿನ ಇಳಿಜಾರು ಮಾಡುಗಳಿಗೆ ಇದರ ಅಗತ್ಯವೇ ಕಡಿಮೆ. ಅಹಮದಾಬಾದ್ ನಗರವು ಬಡ ಕುಟುಂಬಗಳ ಮನೆಗಳ ಮಾಡುಗಳಿಗೆ ಬಿಳಿ ಬಳಿಯುವ ಕಾರ್ಯಕ್ರಮವನ್ನು 2017ರಲ್ಲಿ ಕೈಗೊಂಡಿತು. ಕಲಬುರಗಿಯ ನೆರೆಯ ತೆಲಂಗಾಣ ರಾಜ್ಯ 2023ರಲ್ಲಿ ತಂಪು ಚಾವಣಿಗಳಿಗೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದೆ.